ಸ್ಕ್ಯಾನ್ ಚಿತ್ರ ಸ್ಪಷ್ಟವಾಗಿದೆ, ಆದರೆ ಆ ಗೆರೆ ಎಲ್ಲಿಂದ ಬಂತು?

ಎಂಆರ್‌ಐ ಚಿತ್ರವನ್ನು ಹಿಗ್ಗಿಸಿ ನಯವಾಗಿ ತೋರಿಸುವುದು ದಶಕಗಳಷ್ಟು ಹಳೆಯ ಅಭ್ಯಾಸ. ಅದರಿಂದ ಅಂಚು ನುಣುಪಾಗುತ್ತಿತ್ತು, ಹೊಸ ಮಾಹಿತಿಯೇನೂ ಸೇರುತ್ತಿರಲಿಲ್ಲ. 2014ರಲ್ಲಿ ಎಸ್‌ಆರ್‌ಸಿಎನ್‌ಎನ್ ಎಂಬ ನರಜಾಲ, ಅಂದರೆ ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ, ಸಾಮಾನ್ಯ ಫೋಟೊಗಳ ಮೇಲೆ ಬೇರೆಯೇ ದಾರಿ ತೋರಿಸಿತು: ಸಾವಿರಾರು ಚಿತ್ರಗಳನ್ನು ನೋಡಿ ಕಲಿತು, ಮಸುಕಾದದ್ದರಲ್ಲಿ ಏನಿದ್ದಿರಬಹುದೆಂದು ಊಹಿಸಿ ತುಂಬುವುದು. ವಿಧಾನ ಬೇಗನೆ ಸ್ಕ್ಯಾನ್‌ಗಳಿಗೂ ಬಂತು. ಸ್ಕ್ಯಾನ್ ಬೇಗ ಮುಗಿಯಬೇಕೆಂಬ ಒತ್ತಡವಿರುವಲ್ಲಿ ಇದು ಆಕರ್ಷಕವೇ.

ತೊಡಕು ಲೆಕ್ಕದಲ್ಲೇ ಇದೆ. ಮಿದುಳಿನ ಒಂದು ಸ್ಲೈಸ್ 5 ಮಿ.ಮೀ. ದಪ್ಪವಿದ್ದರೆ ಯಂತ್ರ ಆ ದಪ್ಪದ ಸರಾಸರಿಯನ್ನಷ್ಟೇ ಅಳೆಯುತ್ತದೆ. ಒಳಗಿನ ಐದು ಪದರಗಳ ಹೊಳಪು 100, 100, 200, 100, 100 ಎಂದಿಟ್ಟುಕೊಳ್ಳಿ; ನಡುವಿನದು ಚಿಕ್ಕದೊಂದು ಗಾಯ. ಸರಾಸರಿ 120. ಗಾಯ ಎರಡನೇ ಪದರದಲ್ಲಿದ್ದರೂ 120. ಗಾಯವೇ ಇಲ್ಲದೆ ಐದೂ ಪದರ 120 ಇದ್ದರೂ 120. ಇದನ್ನು 1 ಮಿ.ಮೀ. ಸ್ಲೈಸ್‌ಗಳಾಗಿ ಬಿಡಿಸಿಕೊಡು ಎಂದರೆ, ಮೂರರಲ್ಲಿ ಯಾವುದೆಂದು ಆ ಒಂದು ಸಂಖ್ಯೆ ಹೇಳಲಾರದು. ನರಜಾಲ ಸುತ್ತಲಿನ ಚಿತ್ರವನ್ನೂ ತಾನು ಕಲಿತ ಚಿತ್ರಗಳನ್ನೂ ನೆಚ್ಚಿ ಒಂದನ್ನು ಆರಿಸುತ್ತದೆ. ಫಲಿತಾಂಶವನ್ನು ಮತ್ತೆ ಸರಾಸರಿ ಮಾಡಿ ಮೂಲಕ್ಕೆ ಹೋಲಿಸುವ ಪರೀಕ್ಷೆ ಉಂಟು. ಅದರಲ್ಲಿ ಮೂರೂ ಉತ್ತರ ಪಾಸಾಗುತ್ತವೆ.

ಕಲಿತದ್ದು ಚಿತ್ರವನ್ನು ಎಷ್ಟರಮಟ್ಟಿಗೆ ತಿರುಚಬಹುದೆಂಬುದು 2018ರಲ್ಲಿ ಕಂಡಿತು. ಒಂದು ಬಗೆಯ ಎಂಆರ್‌ಐ ಚಿತ್ರವನ್ನು ಇನ್ನೊಂದಕ್ಕೆ ಬದಲಿಸುವ ಜಾಲಕ್ಕೆ ಕಲಿಕೆಯಲ್ಲಿ ಆರೋಗ್ಯವಂತರ ಚಿತ್ರಗಳನ್ನೇ ಗುರಿಯಾಗಿ ಕೊಟ್ಟಾಗ ಗೆಡ್ಡೆಗಳು ಅಳಿಸಿಹೋದವು. ಗೆಡ್ಡೆಯ ಚಿತ್ರಗಳನ್ನೇ ಕೊಟ್ಟಾಗ ಇಲ್ಲದ ಕಡೆ ಗೆಡ್ಡೆ ಮೂಡಿತು.

2020ರ ಫಾಸ್ಟ್‌ಎಂಆರ್‌ಐ ಸ್ಪರ್ಧೆ ಇನ್ನೂ ನೇರವಾದ ಉದಾಹರಣೆ. ಅಲ್ಲಿನ ಕೆಲಸ ಹಿಗ್ಗಿಸುವುದಲ್ಲ, 4 ಅಥವಾ 8 ಪಟ್ಟು ಕಡಿಮೆ ದತ್ತಾಂಶದಿಂದ ಮಿದುಳಿನ ಚಿತ್ರ ಕಟ್ಟುವುದು. ಖಾಲಿ ಜಾಗ ತುಂಬುವ ಸಮಸ್ಯೆ ಮಾತ್ರ ಅದೇ. ಎಸ್‌ಎಸ್‌ಐಎಂ ಎಂಬ ಹೋಲಿಕೆಯ ಅಂಕದಲ್ಲಿ ಮುಂದಿದ್ದ ಚಿತ್ರಗಳನ್ನು ರೇಡಿಯಾಲಜಿಸ್ಟ್‌ಗಳು ನೋಡಿದಾಗ, ಒಂದರಲ್ಲಿ ಇಲ್ಲದ ರಕ್ತನಾಳ, ಇನ್ನೊಂದರಲ್ಲಿ ಮಿದುಳು ದ್ರವದ ಸೀಳಿನಂತೆ ತೋರುವ ಬಿಳಿ ಗೆರೆ ಸಿಕ್ಕಿತು. ಇದರಲ್ಲಿ ಅಚ್ಚರಿಯಿಲ್ಲ: ಇಡೀ ಚಿತ್ರಕ್ಕೆ ಕೊಡುವ ಅಂಕದಲ್ಲಿ ನಾಲ್ಕಾರು ಪಿಕ್ಸೆಲ್‌ಗಳ ತಪ್ಪಿಗೆ ಹೆಚ್ಚು ತೂಕವಿಲ್ಲ. ಇಂಥ ಗೆರೆ ಮಸುಕಾಗಿಯೂ ಇರುವುದಿಲ್ಲ. ಹಳೆಯ ಯಂತ್ರದ ಚಿತ್ರದಲ್ಲಿ ಬರುತ್ತಿದ್ದ ಚುಕ್ಕೆಚುಕ್ಕೆ ಗದ್ದಲವಾದರೂ ಗದ್ದಲದಂತೆಯೇ ಕಾಣುತ್ತಿತ್ತು.

ಹಾಗಾಗಿ ಸ್ಕ್ಯಾನ್ ಓದುವವರಿಗೆ ಮೊದಲು ಬೇಕಾದದ್ದು ಮೂಲ ಚಿತ್ರ. ಸ್ಕ್ಯಾನ್ ಫೈಲಿನ ವಿವರಗಳಲ್ಲಿ `ImageType` ಎಂಬಲ್ಲಿ `DERIVED` ಎಂದಿದ್ದರೆ ಅದು ಯಂತ್ರದಿಂದ ನೇರವಾಗಿ ಬಂದದ್ದಲ್ಲ. `SliceThickness` 1 ಎಂದು ತೋರಿಸಿದ ಮಾತ್ರಕ್ಕೆ 1 ಮಿ.ಮೀ. ಅಳೆದರೆಂದಲ್ಲ, ಸಂಸ್ಕರಿಸಿದ ತಂತ್ರಾಂಶ ಬರೆದ ಸಂಖ್ಯೆಯೂ ಅದಾಗಿರಬಹುದು. ಸಂಶಯದ ಚುಕ್ಕೆ 5 ಮಿ.ಮೀ. ಮೂಲದಲ್ಲಿ ತೆಳುವಾಗಿಯಾದರೂ ಇದೆಯೇ, ಬೇರೆ ದಿಕ್ಕಿನಲ್ಲಿ ತೆಗೆದ ಸರಣಿಯಲ್ಲಿ ಅದೇ ಜಾಗದಲ್ಲಿ ಕಾಣುತ್ತದೆಯೇ ಎಂದು ನೋಡಬೇಕು. ಹಿಗ್ಗಿಸಿದ ಚಿತ್ರದಲ್ಲಿ ಮಾತ್ರ ಇದ್ದರೆ ಆ ಭಾಗಕ್ಕಷ್ಟೇ ತೆಳು ಸ್ಲೈಸ್‌ಗಳ ಮರು ಸ್ಕ್ಯಾನ್ ಆಗಬೇಕು. ಆದರೆ ಚುಕ್ಕೆ ಕಾಣದಿದ್ದಾಗ ಹೀಗೆ ಹುಡುಕಲು ಯಾರಿಗೂ ಕಾರಣ ಸಿಗುವುದಿಲ್ಲ. ಅದಕ್ಕೇ ಅಳಿಸಿಹೋದ ಗಾಯ ಮೂಡಿಬಂದ ಗಾಯಕ್ಕಿಂತ ಅಪಾಯಕಾರಿ.