ಹಾಲನ್ನು ಕಾಯಿಸಲು ಹಾಲೇ: ಪಾಶ್ಚರೈಸರಿನ ಪ್ಲೇಟುಗಳ ಲೆಕ್ಕ

ಮಲೆನಾಡಿನ ಬಚ್ಚಲುಮನೆಯಲ್ಲಿ ಹಂಡೆಯ ನೀರು ತೋಡಿ ಮಿಂದವರಿಗೆ ಒಂದು ಲೆಕ್ಕ ಕೈಗೇ ಗೊತ್ತಿರುತ್ತದೆ. ಒಂದು ಚೊಂಬು ಬಿಸಿನೀರಿಗೆ ಒಂದು ಚೊಂಬು ತಣ್ಣೀರು ಬೆರೆಸಿದರೆ ಸಿಗುವುದು ಎರಡರ ನಡುವಿನ ಬಿಸಿಯೇ ಹೊರತು ಅದಕ್ಕಿಂತ ಹೆಚ್ಚಲ್ಲ. ಈ ಅನುಭವ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, 72 ಡಿಗ್ರಿಯ ಒಂದು ಲೀಟರ್ ಹಾಲಿನ ಶಾಖದಿಂದಲೇ 4 ಡಿಗ್ರಿಯ ಇನ್ನೊಂದು ಲೀಟರ್ ಹಾಲನ್ನು 64 ಡಿಗ್ರಿಗೆ ಏರಿಸಬಹುದು ಎಂದಾಗ ವಿಜ್ಞಾನ ಓದಿದವರೂ ಹುಬ್ಬೇರಿಸುತ್ತಾರೆ. ಹೆಚ್ಚೆಂದರೆ 38 ಡಿಗ್ರಿ ಎಂದು ವಾದಿಸುತ್ತಾರೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯ ಮಾಚೇನಹಳ್ಳಿಯಂಥ ಕಡೆ ಡೇರಿಯ ಕಾಂಪೌಂಡನ್ನು ದಾಟುವಾಗಲೆಲ್ಲ ನನಗೆ ಈ ವಾದ ನೆನಪಾಗುತ್ತದೆ, ಏಕೆಂದರೆ ಡೇರಿಗಳಲ್ಲಿ ದಿನವೂ ನಡೆಯುವುದು ಇದೇ ಕೆಲಸ.

ಗುಟ್ಟು ಇರುವುದು ಬೆರೆಸದೇ ಇರುವುದರಲ್ಲಿ. ತೆಳುವಾದ ಲೋಹದ ಹಾಳೆಯ ಒಂದು ಮಗ್ಗುಲಲ್ಲಿ ಕಾದ ಹಾಲು ಕೆಳಗಿಳಿಯುತ್ತಿದ್ದರೆ, ಇನ್ನೊಂದು ಮಗ್ಗುಲಲ್ಲಿ ತಣ್ಣನೆಯ ಹಾಲು ಅದಕ್ಕೆದುರಾಗಿ ಮೇಲೇರುತ್ತಿರುತ್ತದೆ. ಆಗ ತಾನೇ ಒಳಬಂದ ಹಸಿಹಾಲಿಗೆ ಎದುರಾಗುವುದು ತನ್ನ ಶಾಖವನ್ನು ಬಹುಪಾಲು ಕೊಟ್ಟು ಮುಗಿಸಿದ ಹಾಲು. ಈಗಾಗಲೇ 60 ಡಿಗ್ರಿ ದಾಟಿದ ಹಾಲಿಗೆ ಎದುರಾಗುವುದು ಇನ್ನೂ 70ರ ಆಸುಪಾಸಿನಲ್ಲಿರುವ ಹಾಲು. ಹೀಗಾಗಿ ದಾರಿಯುದ್ದಕ್ಕೂ ಪ್ರತಿ ಹಂತದಲ್ಲಿ ತನಗಿಂತ ಸ್ವಲ್ಪವೇ ಬಿಸಿಯಾದ ನೆರೆಯವನು ಸಿಗುತ್ತಾನೆ. ಬಾವಿಯ ರಾಟೆಗೆ ಎರಡು ತುದಿಯಲ್ಲೂ ತುಂಬಿದ ಕೊಡ ಕಟ್ಟಿದರೆ ಇಳಿಯುವ ಕೊಡ ಏರುವ ಕೊಡವನ್ನು ತಾನೇ ಎತ್ತುತ್ತದೆ, ನಾವು ಕೊಡಬೇಕಾದದ್ದು ತಿಕ್ಕಾಟವನ್ನು ಮೀರಿಸುವಷ್ಟು ಸಣ್ಣ ಎಳೆತ ಮಾತ್ರ. ಇಲ್ಲಿ ಆ ಸಣ್ಣ ಎಳೆತದ ಪಾತ್ರ ವಹಿಸುವುದು ಎರಡು ಹಾಲುಗಳ ನಡುವೆ ಉಳಿಯುವ ಕೆಲವೇ ಡಿಗ್ರಿಗಳ ಅಂತರ. ಡೇರಿಯವರು ಈ ಭಾಗವನ್ನು ರೀಜನರೇಶನ್ ಎನ್ನುತ್ತಾರೆ.

ಹಾಲನ್ನು ಕಾಯಿಸಿ ರೋಗಾಣು ಕೊಲ್ಲುವ ಯಂತ್ರವಾದ ಪಾಶ್ಚರೈಸರನ್ನು ಬಿಚ್ಚಿ ನಿಲ್ಲಿಸಿದಾಗ ನೋಡಿದರೆ ಅದು ಕಂಬಿಗೆ ನೇತುಹಾಕಿದ ದಪ್ಪ ಪುಸ್ತಕದಂತೆ ಕಾಣುತ್ತದೆ. ಹಾಳೆಗಳು ಸ್ಟೇನ್‌ಲೆಸ್ ಸ್ಟೀಲಿನವು, ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಮೈಮೇಲೆ ಮೀನಿನ ಮುಳ್ಳಿನಂಥ ಏರುತಗ್ಗು, ಅಂಚಿನ ಸುತ್ತ ಕಪ್ಪು ರಬ್ಬರಿನ ಗ್ಯಾಸ್ಕೆಟ್. ಏರುತಗ್ಗು ಹಾಲನ್ನು ನೇರವಾಗಿ ಜಾರಲು ಬಿಡದೆ ಕದಡುತ್ತ ಸಾಗಿಸುತ್ತದೆ. ಇಂಥ ಯಂತ್ರವನ್ನು ಮೊದಲು ಹಾಲಿಗೆ ಒಗ್ಗಿಸಿ 1923ರಲ್ಲಿ ಮಾರುಕಟ್ಟೆಗೆ ತಂದವರು ಇಂಗ್ಲೆಂಡಿನ ರಿಚರ್ಡ್ ಸೆಲಿಗ್ಮನ್. ಬಿಚ್ಚಬಹುದು, ಉಜ್ಜಬಹುದು, ಬೇಕಾದಾಗ ಹಾಳೆ ಸೇರಿಸಬಹುದು ಎಂಬುದು ಅದರ ಹೆಗ್ಗಳಿಕೆಯಾಗಿತ್ತು. ಈ ಕೊನೆಯ ಮಾತಿನಲ್ಲೇ ಒಂದು ಮೋಸವೂ ಅಡಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಒಂದು ಲೆಕ್ಕವನ್ನೇ ಮಾಡಿ ನೋಡೋಣ. ತೀರ್ಥಹಳ್ಳಿಯ ಕಡೆ ಗಂಟೆಗೆ 5000 ಲೀಟರ್ ಹಾಲು ಸಾಗಿಸುವ ಒಂದು ಡೇರಿ ಇದೆಯೆಂದು ಇಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 1.43 ಕೆಜಿ ಹಾಲು. ಒಂದು ಕೆಜಿ ಹಾಲನ್ನು ಒಂದು ಡಿಗ್ರಿ ಏರಿಸಲು ಸುಮಾರು 3.9 ಕಿಲೋಜೂಲ್ ಬೇಕು. ಹಾಲು 4 ಡಿಗ್ರಿಯಲ್ಲಿ ಬರುತ್ತದೆ, 72 ಡಿಗ್ರಿಗೆ ಏರಿ 15 ಸೆಕೆಂಡು ಅಲ್ಲೇ ನಿಲ್ಲಬೇಕು. ಈ 68 ಡಿಗ್ರಿಗಳ ಏರಿಕೆಯಲ್ಲಿ 60 ಡಿಗ್ರಿಯನ್ನು ರೀಜನರೇಶನ್ ಭಾಗವೇ ಕೊಡಲಿ, ಉಳಿದ 8 ಡಿಗ್ರಿಯನ್ನು ಬಿಸಿನೀರು ಕೊಡಲಿ ಎಂದುಕೊಳ್ಳೋಣ. ಆಗ ರೀಜನರೇಶನ್ ಹೊರಬೇಕಾದ ಶಾಖದ ಹೊರೆ 1.43 × 3.9 × 60, ಅಂದರೆ ಸುಮಾರು 335 ಕಿಲೋವ್ಯಾಟ್. ಬಿಸಿನೀರಿನ ಪಾಲಿಗೆ ಬರುವುದು ಬರೀ 45 ಕಿಲೋವ್ಯಾಟ್.

ಹೊರೆ ಗೊತ್ತಾದ ಮೇಲೆ ಬೇಕಾದ ವಿಸ್ತೀರ್ಣಕ್ಕೆ ಸೂತ್ರ ಒಂದೇ ಸಾಲಿನದು:

A = Q / (U × ΔT)

ಇಲ್ಲಿ A ವಿಸ್ತೀರ್ಣ, Q ಶಾಖದ ಹೊರೆ, ΔT ಎರಡು ಹಾಲುಗಳ ನಡುವಿನ ಡಿಗ್ರಿಗಳ ಅಂತರ. ಎರಡೂ ಮಗ್ಗುಲಲ್ಲಿ ಹರಿಯುವುದು ಅಷ್ಟೇ ಹಾಲಾದ್ದರಿಂದ ಒಂದು ಎಷ್ಟು ಏರುತ್ತದೋ ಇನ್ನೊಂದು ಅಷ್ಟೇ ಇಳಿಯುತ್ತದೆ. ಮೇಲ್ತುದಿಯಲ್ಲಿ 72ಕ್ಕೂ 64ಕ್ಕೂ ಅಂತರ 8. ಕೆಳತುದಿಯಲ್ಲಿ 12ಕ್ಕೂ 4ಕ್ಕೂ ಅಂತರ 8. ನಡುವೆ ಎಲ್ಲಿ ಅಳೆದರೂ ಅದೇ 8. ಪಠ್ಯಪುಸ್ತಕದ ಲಾಗರಿತಮ್ ಸರಾಸರಿಗೆ ಈ ಅಂಕಿಗಳನ್ನು ಹಾಕಲು ಹೋದ ವಿದ್ಯಾರ್ಥಿಗಳಿಗೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಸಂಕಟ ಎದುರಾಗುತ್ತದೆ. ಅಂತರ ಬದಲಾಗದ ಕಡೆ ಸರಾಸರಿ ತೆಗೆಯುವ ಅಗತ್ಯವೇ ಇಲ್ಲ.

ಇನ್ನು U, ಅಂದರೆ ಒಟ್ಟು ಶಾಖ ವರ್ಗಾವಣೆಯ ಗುಣಾಂಕ. ಒಂದು ಚದರ ಮೀಟರ್ ಹಾಳೆಯು ಒಂದು ಡಿಗ್ರಿ ಅಂತರಕ್ಕೆ ಎಷ್ಟು ವ್ಯಾಟ್ ದಾಟಿಸುತ್ತದೆ ಎಂಬ ಅಂಕಿ ಇದು. ಶಾಖದ ದಾರಿಯಲ್ಲಿ ಇರುವ ತಡೆಗಳನ್ನು ಒಂದೊಂದಾಗಿ ಕೂಡಿಸಿ ತಲೆಕೆಳಗು ಮಾಡಿದರೆ ಅದು ಸಿಗುತ್ತದೆ. ಹಾಳೆಗೆ ಅಂಟಿಕೊಂಡು ಹೆಚ್ಚು ಕದಲದೆ ಇರುವ ಹಾಲಿನ ತೆಳುಪೊರೆ ಎರಡೂ ಕಡೆ ಇರುತ್ತದೆ. ಒಂದೊಂದು ಪೊರೆಯ ಗುಣಾಂಕ 6000 ಎಂದುಕೊಂಡರೆ ಎರಡರ ತಡೆ ಸೇರಿ 0.000333. ಸ್ಟೀಲ್ ಹಾಳೆಯ ದಪ್ಪ 0.6 ಮಿಲಿಮೀಟರ್, ಅದರ ತಡೆ 0.0000375. ದಿನ ಕಳೆದಂತೆ ಕೂರುವ ಕೊಳೆಗೆಂದು 0.00003 ಬಿಟ್ಟರೆ ಒಟ್ಟು ತಡೆ ಸುಮಾರು 0.0004, U ಸುಮಾರು 2500. ಸ್ಟೀಲಿನ ಬದಲು ತಾಮ್ರ ಹಾಕಿದರೆ ಕೆಲಸ ಬಹಳ ಚುರುಕಾಗುತ್ತಿತ್ತು ಎಂದು ಹೇಳುವವರು ಈ ಅಂಕಿಗಳನ್ನೊಮ್ಮೆ ನೋಡಬೇಕು. ಒಟ್ಟು ತಡೆಯಲ್ಲಿ ಲೋಹದ ಪಾಲು ಹತ್ತರಲ್ಲಿ ಒಂದೂ ಇಲ್ಲ. ತಾಮ್ರ ತಾಗಿದ ಹಾಲಿನ ಕೊಬ್ಬು ಬೇಗ ಆಕ್ಸಿಡೀಕರಣಗೊಂಡು ರುಚಿ ಕೆಡುತ್ತದೆ ಎಂಬುದು ಬೇರೆ ಮಾತು.

ಈಗ 335000ವನ್ನು 2500 × 8ರಿಂದ ಭಾಗಿಸಿದರೆ 16.7 ಚದರ ಮೀಟರ್ ಬರುತ್ತದೆ. ಒಂದು ಪ್ಲೇಟಿನಲ್ಲಿ ಕೆಲಸಕ್ಕೆ ಬರುವ ವಿಸ್ತೀರ್ಣ 0.25 ಚದರ ಮೀಟರ್ ಆದರೆ 67 ಪ್ಲೇಟು. ಮೊದಲ ಸಲ ಈ ಲೆಕ್ಕ ಮಾಡಿದಾಗ ನಾನು ಪೆನ್ನು ಕೆಳಗಿಟ್ಟಿದ್ದು ಇಲ್ಲಿಯೇ, ಮತ್ತು ಅದು ತಪ್ಪಾಗಿತ್ತು.

ಏಕೆಂದರೆ 67 ಪ್ಲೇಟುಗಳಿಗೆ, ಎರಡು ತುದಿಯ ಸಂದುಗಳೂ ಸೇರಿ, 68 ಸಂದುಗಳು, ಒಂದು ಕಡೆಯ ಹಾಲಿಗೆ 34. ಸೆಕೆಂಡಿಗೆ ಒಂದೂವರೆ ಲೀಟರಿಗಿಂತ ಕಡಿಮೆ ಇರುವ ಹರಿವನ್ನು ಒಮ್ಮೆಗೇ 34 ಸಂದುಗಳಿಗೆ ಹಂಚಿದರೆ, ಕಾಲು ಮೀಟರ್ ಅಗಲ ಮತ್ತು 3 ಮಿಲಿಮೀಟರ್ ಆಳದ ಸಂದಿನಲ್ಲಿ ಹಾಲು ಸೆಕೆಂಡಿಗೆ 5 ಸೆಂಟಿಮೀಟರ್ ವೇಗದಲ್ಲಿ ತೆವಳುತ್ತದೆ. ಆ ವೇಗಕ್ಕೆ ಪೊರೆಯ ಗುಣಾಂಕ 6000 ಬರುವುದೇ ಇಲ್ಲ. ನಾವು ನಂಬಿ ಕೂತ 2500 ಅಲ್ಲಿಗೆ ಕುಸಿಯುತ್ತದೆ. ಆದ್ದರಿಂದ ಹಾಲನ್ನು ಆರಾರು ಸಂದುಗಳ ಗುಂಪು ಮಾಡಿ, ಒಂದು ಗುಂಪಿನಲ್ಲಿ ಏರಿ, ಮುಂದಿನದರಲ್ಲಿ ಇಳಿದು, ಮತ್ತೆ ಏರುವಂತೆ ಆರು ಸಲ ಓಡಿಸುತ್ತಾರೆ. ಇಂಥ ಒಂದೊಂದು ಓಟಕ್ಕೆ ಪಾಸ್ ಎಂದು ಹೆಸರು. ಆಗ ವೇಗ ಸೆಕೆಂಡಿಗೆ 30 ಸೆಂಟಿಮೀಟರಿಗೆ ಏರಿ 2500 ಎಂಬ ಅಂಕಿಗೆ ಅರ್ಥ ಬರುತ್ತದೆ. ಗುಂಪುಗಳು ತಿರುಗುವ ಕಡೆಯ ಕೆಲವು ಪ್ಲೇಟುಗಳ ಎರಡೂ ಮಗ್ಗುಲಲ್ಲಿ ಹಾಲು ಒಂದೇ ದಿಕ್ಕಿಗೆ ಹರಿಯುವುದರಿಂದ ಶಾಖ ದಾಟಿಸುವ ಸಾಮರ್ಥ್ಯದಲ್ಲಿ ಸುಮಾರು 5 ಪ್ರತಿಶತ ಸೋರಿಹೋಗುತ್ತದೆ. ಅದನ್ನು ತುಂಬಿಕೊಡಲು 16.7ನ್ನು 0.95ರಿಂದ ಭಾಗಿಸಿದರೆ 17.6 ಚದರ ಮೀಟರ್, ಅಂದರೆ 71 ಪ್ಲೇಟು. ಅದರಿಂದ 72 ಸಂದು, ಪ್ರತಿ ಕಡೆಗೆ 36, ಅಂದರೆ ಸರಿಯಾಗಿ ಆರು ಪಾಸಿಗೆ ಆರಾರು. ಎರಡು ತುದಿಯ ಪ್ಲೇಟುಗಳಿಗೆ ಹಾಲು ತಾಗುವುದು ಒಂದೇ ಮಗ್ಗುಲಾದ್ದರಿಂದ ಅವು ಶಾಖ ದಾಟಿಸುವುದಿಲ್ಲ. ಅವನ್ನೂ ಎಣಿಸಿದರೆ ಕೊಳ್ಳಬೇಕಾದದ್ದು 73.

ಬಿಸಿನೀರಿನ ಭಾಗದ್ದು ಸಣ್ಣ ಲೆಕ್ಕ. ಗಂಟೆಗೆ 10000 ಲೀಟರ್ ನೀರು 76 ಡಿಗ್ರಿಯಲ್ಲಿ ಬಂದು 72ರ ಹತ್ತಿರ ಹೊರಡುತ್ತದೆ, ಸರಾಸರಿ ಅಂತರ 5.8, U 3000. ಒಂದೇ ಪಾಸಿನ 11 ಪ್ಲೇಟು ಸಾಕು.

60 ಡಿಗ್ರಿಗೇ ಏಕೆ ನಿಲ್ಲಿಸಬೇಕು, ಪೂರ್ತಿ ಶಾಖವನ್ನೂ ಹಾಲಿನಿಂದಲೇ ಹಿಂಪಡೆಯಬಾರದೇಕೆ ಎಂದು ಯಾರಾದರೂ ಕೇಳಿಯಾರು. ಮೇಲಿನ ಲೆಕ್ಕವನ್ನು ಸ್ವಲ್ಪ ತಿರುವಿ ಹಾಕಿದರೆ ನನಗೆ ತುಂಬ ಇಷ್ಟವಾದ ಒಂದು ರೂಪ ಸಿಗುತ್ತದೆ. ಹಿಂಪಡೆಯುವ ಪಾಲು r ಆದರೆ, ವಿಸ್ತೀರ್ಣವು r / (1 − r) ಎಂಬ ಅನುಪಾತದಲ್ಲಿ ಬೆಳೆಯುತ್ತದೆ. ಅರ್ಧ ಶಾಖ ಸಾಕೆಂದರೆ ಈ ಅಂಕಿ 1, ನಮ್ಮ ಡೇರಿಗೆ ಅದು ಬರೀ 9 ಪ್ಲೇಟು. ನಾವು ಆರಿಸಿಕೊಂಡ 88 ಪ್ರತಿಶತಕ್ಕೆ ಅದು 7.5. ಅದೇ 95 ಪ್ರತಿಶತ ಬೇಕೆಂದರೆ 19ಕ್ಕೆ ಜಿಗಿದು, ಪಾಸುಗಳ ಸೋರಿಕೆಯನ್ನು ಬಿಟ್ಟರೂ 170 ಪ್ಲೇಟು ಕೇಳುತ್ತದೆ. ನೂರಕ್ಕೆ ನೂರು ಬೇಕೆಂದವರಿಗೆ ಛೇದದಲ್ಲಿ ಸೊನ್ನೆ ಕೂತಿರುತ್ತದೆ.

ಕಾಗದದ ಮೇಲಿನ U ಮತ್ತು ಯಂತ್ರದೊಳಗಿನ U ಬಹಳ ಹೊತ್ತು ಒಂದೇ ಆಗಿರುವುದಿಲ್ಲ. 4 ಡಿಗ್ರಿಯ ಹಾಲು 70 ಡಿಗ್ರಿಯ ಹಾಲಿಗಿಂತ ಹಲವು ಪಟ್ಟು ಮಂದವಾದ್ದರಿಂದ ತಣ್ಣನೆಯ ತುದಿಯಲ್ಲಿ U ಮೊದಲೇ ಕಡಿಮೆ ಇರುತ್ತದೆ. 2500 ಎಂಬುದು ಇಡೀ ದಾರಿಯ ಸರಾಸರಿ ಮಾತ್ರ. ಬಿಸಿ ತುದಿಯಲ್ಲಿ ತೊಂದರೆ ಬೇರೆ. ಅಲ್ಲಿ ಹಾಲಿನ ಪ್ರೋಟೀನು ಮುದುಡಿ, ಕ್ಯಾಲ್ಸಿಯಂ ಫಾಸ್ಫೇಟನ್ನೂ ಸೇರಿಸಿಕೊಂಡು ಬಿಳಿ ಪದರವಾಗಿ ಹಾಳೆಗೆ ಕಚ್ಚಿಕೊಳ್ಳುತ್ತದೆ. ಈ ಪದರ ಕಾಗದದಷ್ಟು, ಅಂದರೆ 0.1 ಮಿಲಿಮೀಟರ್ ದಪ್ಪವಾದರೂ ಸಾಕು, ಬಿಸಿನೀರಿನ ಭಾಗದ U 3000ದಿಂದ 1900ರ ಹತ್ತಿರಕ್ಕೆ ಇಳಿಯುತ್ತದೆ. ಯಂತ್ರ ಬಿಚ್ಚದೆಯೇ ಇದನ್ನು ತಿಳಿಯಬಹುದು. ಹಾಲು 72ರಲ್ಲೇ ಇರಬೇಕೆಂದು ನಿಯಂತ್ರಕವು ಬಿಸಿನೀರನ್ನು ತಾನಾಗಿ ಏರಿಸುತ್ತ ಹೋಗುತ್ತದೆ: ಬೆಳಗ್ಗೆ 76 ತೋರಿಸುತ್ತಿದ್ದ ನೀರು ಕೆಲವು ಗಂಟೆಗಳ ನಂತರ 79 ತೋರಿಸಿದರೆ ಪದರ ಕೂತಿದೆ ಎಂದೇ ಅರ್ಥ. ನೀರು ಬಿಸಿಯಾದಷ್ಟೂ ಪದರ ಇನ್ನೂ ಬೇಗ ಬೆಳೆಯುತ್ತದೆ. ಕೊನೆಗೆ 72 ಮುಟ್ಟದಾದಾಗ ಡೈವರ್ಶನ್ ವಾಲ್ವು ಹಾಲನ್ನು ಮರಳಿ ಮೊದಲ ತೊಟ್ಟಿಗೆ ತಿರುಗಿಸುತ್ತದೆ, ಕಾಸ್ಟಿಕ್ ಮತ್ತು ಆಸಿಡ್ ಹಾಯಿಸಿ ತೊಳೆಯುವವರೆಗೆ ಕೆಲಸ ನಿಲ್ಲುತ್ತದೆ.

ಇಂಥ ಹೊತ್ತಿನಲ್ಲೋ, ರೀಜನರೇಶನ್ ಸಾಲದೆಂಬ ದೂರು ಬಂದಾಗಲೋ, ಕೇಳಿಬರುವ ಸಲಹೆ ಒಂದೇ: "ಕಂಬಿಯಲ್ಲಿ ಜಾಗ ಇದೆಯಲ್ಲ ಸರ್, ಇನ್ನೂ ನಾಲ್ಕು ಪ್ಲೇಟು ಹಾಕಿಬಿಡೋಣ." ಮೊದಲು ಹೇಳಿದ ಮೋಸ ಇದೇ. ನಮ್ಮ ಡೇರಿಯಲ್ಲಿ ಪ್ರತಿ ಪಾಸಿಗೆ ಆರು ಸಂದಿನ ಬದಲು ಎಂಟು ಮಾಡಲು 24 ಪ್ಲೇಟು ಸೇರಿಸಿದೆವು ಎನ್ನಿ. ವಿಸ್ತೀರ್ಣ ಮೂರನೇ ಒಂದರಷ್ಟು ಹೆಚ್ಚಿತು. ಆದರೆ ಹರಿವು ಹಂಚಿಹೋಗಿ ವೇಗ ಕಾಲುಭಾಗ ಇಳಿಯಿತು, ಪೊರೆಗಳು ದಪ್ಪವಾದವು, U 2500ರಿಂದ 2100ಕ್ಕೆ ಬಂತು. ಒಟ್ಟು ಲಾಭ 13 ಪ್ರತಿಶತ ದಾಟುವುದಿಲ್ಲ. ಹಸಿಹಾಲು 64ರ ಬದಲು 64.8 ಡಿಗ್ರಿಗೆ ಏರುತ್ತದೆ. ಅದರ ಬದಲು ವೇಗವನ್ನು ಹಾಗೇ ಉಳಿಸಿಕೊಂಡು, 12 ಪ್ಲೇಟುಗಳಿಂದ ಏಳನೆಯ ಪಾಸೊಂದನ್ನು ಜೋಡಿಸಿದರೆ ಹಾಲು 65 ಡಿಗ್ರಿ ಮುಟ್ಟುತ್ತದೆ. ಅರ್ಧದಷ್ಟೇ ಪ್ಲೇಟುಗಳಿಗೆ ಹೆಚ್ಚು ಬಿಸಿ. ಇದಕ್ಕೆ ತೆರಬೇಕಾದ ಬೆಲೆಯನ್ನು ಪಂಪು ತೆರುತ್ತದೆ: ಆರು ಪಾಸು ದಾಟಿಸುತ್ತಿದ್ದ ಒತ್ತಡದ ಮೇಲೆ ಇನ್ನೊಂದು ಆರನೇ ಭಾಗ.