‘ಣ’ ಅಕ್ಷರಕ್ಕೆ ಹಾಡಿನಲ್ಲಿ ಯಾವ ಪದ ಹಾಕಲಿ?

ಪ್ರಶ್ನೆ: ಮಗುವಿಗೆ ಅಕ್ಷರದ ಹಾಡು ಕಟ್ಟುತ್ತಿದ್ದೇನೆ. ‘ಅ’ಗೆ ಅಳಿಲು, ‘ಕ’ಗೆ ಕಪ್ಪೆ ಅಂತ ಸಲೀಸಾಗಿ ಬಂತು. ‘ಣ’ ಮತ್ತು ‘ಳ’ಗೆ ಯಾವ ಪದ?

ಇದಕ್ಕೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನೊಮ್ಮೆ ಹೇಳುತ್ತೇನೆ: ಪದ ಇಲ್ಲ. ಕನ್ನಡದಲ್ಲಿ ಯಾವ ಪದವೂ ‘ಣ’ದಿಂದಾಗಲಿ ‘ಳ’ದಿಂದಾಗಲಿ ಶುರುವಾಗುವುದಿಲ್ಲ. ಹುಡುಕಿದರೂ ಸಿಗದು.

ತೊಂದರೆ ಇರುವುದು ಪದದಲ್ಲಲ್ಲ, ‘ಅಕ್ಷರ ಪದದ ಮೊದಲಲ್ಲೇ ಬರಬೇಕು’ ಎಂಬ ಹಟದಲ್ಲಿ. ಈ ಹಟಕ್ಕೆ ಬಿದ್ದು ಕೆಲವರು ‘ಣಣ್ಣ’, ‘ಳಮ್ಮ’ ಅಂತ ಇಲ್ಲದ ಪದ ಹುಟ್ಟಿಸುತ್ತಾರೆ. ಇನ್ನು ಕೆಲವರು ಆ ಅಕ್ಷರವನ್ನೇ ಹಾರಿಸಿಬಿಡುತ್ತಾರೆ. ಆಮೇಲೆ ಮಗು ‘ಬಳೆ’ಯನ್ನು ‘ಬಲೆ’ ಅಂದಾಗ ತಲೆ ಕೆರೆದುಕೊಳ್ಳುತ್ತಾರೆ. ‘ಳ’ ಎಲ್ಲಿ ಕೇಳಿಸುತ್ತದೆ ಎಂದು ಅದಕ್ಕೆ ಯಾರೂ ತೋರಿಸಿಯೇ ಇಲ್ಲ, ಅಲ್ವಾ?

ಅದು ಕೇಳಿಸುವುದು ಪದದ ನಡುವೆ, ಕೊನೆಯಲ್ಲಿ. ನಮ್ಮ ಅದೃಷ್ಟಕ್ಕೆ ಕನ್ನಡದ ಹಳೆಯ ಪ್ರಾಸವೂ ಅಲ್ಲೇ ಕೂರುತ್ತದೆ. ಆದಿಪ್ರಾಸ ಎಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಇರುವುದು. ಹಾಗಾಗಿ ‘ಣ’ಗೆ ಹೀಗೆ ಕಟ್ಟಬಹುದು:

ಅಣ್ಣನ ಕೈಯಲಿ ಬಣ್ಣದ ಹಣ್ಣು
ಕಣ್ಣೆದುರಲ್ಲೇ ಮೆತ್ತಿತು ಮಣ್ಣು

ಎಣಿಸಿ ನೋಡಿ. ಎರಡು ಸಾಲಿನಲ್ಲಿ ಐದು ಸಲ ನಾಲಿಗೆ ಮೇಲಕ್ಕೆ ಮಡಚಿತು. ನಾಲ್ಕು ನಾಲ್ಕು ಮಾತ್ರೆಯ ನಡಿಗೆ, ಕೊನೆಯದು ಮಾತ್ರ ಮೂರು. ಅದಕ್ಕೇ ಕುಣಿಯುತ್ತದೆ. ಒಂದು ಎಚ್ಚರ: ಇಲ್ಲಿರುವುದೆಲ್ಲ ಒತ್ತಕ್ಷರ. ಹಾಡುವುದಕ್ಕೆ ಇದು ಸರಿ. ಬರೆದು ತೋರಿಸುವಾಗ ಹಣ, ಕೋಣ, ಬಾಣ ಬಳಸಿ. ‘ಳ’ಗೆ ಬಳೆ, ಮಳೆ, ಎಳೆ ಇವೆ.

ಮಗುವಿಗೆ ಹತ್ತಿತೋ ಇಲ್ಲವೋ ತಿಳಿಯಬೇಕಾದರೆ ಬಾಯಿಪಾಠ ಒಪ್ಪಿಸಲು ಹೇಳಬೇಡಿ. ಹಲ್ಲಿಯ ಚಿತ್ರ, ಹಳ್ಳಿಯ ಚಿತ್ರ ಪಕ್ಕಪಕ್ಕ ಇಟ್ಟು ಒಂದರ ಹೆಸರು ಹೇಳಿ. ಸರಿಯಾದದ್ದನ್ನು ಮುಟ್ಟಿದರೆ ಕಿವಿ ತೆರೆದಿದೆ.

ಇನ್ನೊಂದು ವಿಷಯ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ವರಗಳ ಹಾಡು ‘ಋ’ ಹತ್ತಿರ ಯಾಕೆ ಎಡವುತ್ತದೆ? ‘ಅ ಆ, ಇ ಈ, ಉ ಊ’ ಜೋಡಿಯಾಗಿ ಬರುತ್ತವೆ. ‘ಋ’ ಒಂಟಿ. ಆಮೇಲೆ ‘ಎ ಏ ಐ’, ‘ಒ ಓ ಔ’ ಮೂರು ಮೂರು. ಜೋಡಿಗೆ ಹೊಲಿದ ರಾಗವನ್ನು ಇವಕ್ಕೂ ತೊಡಿಸಲು ಹೋಗಿ ‘ಎ’ಯನ್ನು ಎಳೆಯುತ್ತಾರೆ. ಎಳೆದ ‘ಎ’ ಕಿವಿಗೆ ‘ಏ’ ಆಗಿಬಿಡುತ್ತದೆ. ಅಕ್ಷರ ಎಳೆಯಬೇಡಿ, ಖಾಲಿ ಬಿಟ್ಟ ಜಾಗದಲ್ಲಿ ಸುಮ್ನೆ ಒಂದು ಚಪ್ಪಾಳೆ ತಟ್ಟಿ: ಋ, ಚಪ್ಪಾಳೆ. ಎ ಏ ಐ, ಚಪ್ಪಾಳೆ. ಒ ಓ ಔ, ಚಪ್ಪಾಳೆ. ಮಕ್ಕಳು ಕಾಯುವುದೂ ಅದಕ್ಕೇ.