ಒನ್-ಆನ್-ಒನ್: ಪ್ರತಿ ಸಲ ಅದೇ ಪ್ರಶ್ನೆ ಯಾಕೆ?

ಮ್ಯಾನೇಜರ್ ತನ್ನ ಟೀಮಿನ ಒಬ್ಬೊಬ್ಬರ ಜೊತೆ ಬೇರೆ ಬೇರೆಯಾಗಿ ಕೂತು ಮಾತಾಡುವ ಮೀಟಿಂಗೇ ಒನ್-ಆನ್-ಒನ್. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಅರ್ಧ ಗಂಟೆ, ಆದಷ್ಟೂ ಒಂದೇ ಹೊತ್ತಿಗೆ. ಕೆಲಸ ಎಲ್ಲಿಗೆ ಬಂತು ಎಂದು ಕೇಳೋಕೆ ಇದು ಬೇಕಿಲ್ಲ, ಅದಕ್ಕೆ ಒಂದು ಮೆಸೇಜ್ ಸಾಕು. ನಾಲ್ಕು ಜನರ ಮುಂದೆ ಬಾಯಿಬಿಡಲು ಕಷ್ಟವಾಗುವ ವಿಷಯ ಇಲ್ಲಿ ಹೊರಬರಬೇಕು.

ಆದರೆ "ಹೇಗಿದೆ ಎಲ್ಲಾ?" ಎಂದು ಕೇಳಿದರೆ "ಚೆನ್ನಾಗಿದೆ ಸರ್" ಅನ್ನುವುದು ಬಿಟ್ಟು ಬೇರೇನು ಬರುತ್ತೆ? ಅದಕ್ಕೇ ಪ್ರತಿ ಸಲ ಕೇಳಲು ಎರಡು ಮೂರು ಪ್ರಶ್ನೆ ಗೊತ್ತು ಮಾಡಿಕೊಳ್ಳುತ್ತಾರೆ. ಅಂದುಕೊಂಡದ್ದಕ್ಕಿಂತ ಜಾಸ್ತಿ ಸಮಯ ತಿಂದ ಕೆಲಸ ಯಾವುದು? ಯಾರಿಂದ ಏನು ಬರಲಿ ಎಂದು ಕಾಯುತ್ತಿದ್ದೀರಿ? ನನ್ನಿಂದ ಏನಾಗಬೇಕು? ಉತ್ತರಗಳನ್ನು ಇಬ್ಬರಿಗೂ ಕಾಣುವ ಒಂದೇ ಫೈಲಿನಲ್ಲಿ, ತಾರೀಖು ಹಾಕಿ, ಒಂದರ ಕೆಳಗೊಂದು ಬರೆದಿಡುತ್ತಾರೆ.

ಒಂದೊಂದೇ ಉತ್ತರ ನೋಡಿದರೆ ವಿಶೇಷ ಏನೂ ಕಾಣುವುದಿಲ್ಲ. ಸಾಲಾಗಿ ಓದಿದಾಗ ಕಥೆ ಬೇರೆ. ವಾರದ ರಿಪೋರ್ಟ್ ಮಾಡುವ ಒಬ್ಬರಿದ್ದಾರೆ ಎಂದುಕೊಳ್ಳಿ. ಮೊದಲ ವಾರ, "ರಿಪೋರ್ಟ್ ಸ್ವಲ್ಪ ಲೇಟಾಯ್ತು." ಎರಡನೇ ವಾರ, "ಏನಿಲ್ಲ ಸರ್." ಮೂರನೇ ವಾರ, "ಸೇಲ್ಸ್‌ನವರ ಲೆಕ್ಕ ತಡವಾಗಿ ಬಂತು." ನಾಲ್ಕನೇ ವಾರ ಮತ್ತೆ ರಿಪೋರ್ಟಿನ ಮಾತು. ಆಗ ಮ್ಯಾನೇಜರ್ ಸುಮ್ನೆ ತಲೆಯಾಡಿಸದೆ, "ಆ ಲೆಕ್ಕ ಯಾವಾಗ ಕೈಗೆ ಬರುತ್ತೆ?" ಎಂದು ಕೇಳುತ್ತಾರೆ. ಗುರುವಾರ ಸಂಜೆ. ರಿಪೋರ್ಟ್ ಕೊಡಬೇಕಾದದ್ದು ಶುಕ್ರವಾರ ಬೆಳಿಗ್ಗೆ. "ಏನಿಲ್ಲ" ಅಂದ ವಾರವೂ ಅವರು ರಾತ್ರಿ ಕೂತೇ ಮುಗಿಸಿದ್ದರು. ಇದು ಅವರ ನಿಧಾನ ಅಲ್ಲ, ಎರಡು ಗಡುವುಗಳು ತಾಳೆಯಾಗದ ತೊಂದರೆ. ಸರಿ ಮಾಡುವ ಅಧಿಕಾರ ಅವರಿಗಿಲ್ಲ. ರಿಪೋರ್ಟನ್ನು ಸೋಮವಾರಕ್ಕೆ ಹಾಕಿಸಬೇಕಾದವರು ಮ್ಯಾನೇಜರ್.

ಮುಂದಿನ ಸಲ ಮಾತು ಶುರುವಾಗಬೇಕಾದದ್ದು ಅಲ್ಲಿಂದಲೇ: "ಸೋಮವಾರಕ್ಕೆ ಹಾಕಿಸ್ತೀನಿ ಅಂದಿದ್ದೆ, ಏನಾಯ್ತು ಅಂದ್ರೆ..." ಆಗದಿದ್ದರೆ ಆಗಲಿಲ್ಲ ಎಂದಾದರೂ ಹೇಳಬೇಕು. ಇದನ್ನು ಬಿಟ್ಟರೆ "ನನ್ನಿಂದ ಏನಾಗಬೇಕು?" ಎಂಬ ಪ್ರಶ್ನೆಗೆ ಬೆಲೆಯೇ ಇರುವುದಿಲ್ಲ. ಫೈಲಿನಲ್ಲಿ "ಏನಿಲ್ಲ", "ಏನಿಲ್ಲ" ಎಂದು ಸಾಲು ಬೆಳೆಯತೊಡಗಿದರೆ ತೊಂದರೆ ಮುಗಿಯಿತು ಎಂದು ಖುಷಿಪಡಬೇಡಿ. ಹೇಳಿ ಪ್ರಯೋಜನವಿಲ್ಲ ಎಂದು ಅವರಿಗೆ ಅನಿಸಿರುವ ಸಾಧ್ಯತೆಯೇ ಹೆಚ್ಚು. ಇದೇ ಫೈಲನ್ನು ಅಪ್ರೈಸಲ್ ದಿನ ಎತ್ತಿ ತೋರಿಸಿದರೂ ಬಾಯಿ ಹೀಗೇ ಮುಚ್ಚುತ್ತದೆ.

ಪ್ರಶ್ನೆಯೇ ಸವೆದುಹೋಗಿರುವುದೂ ಉಂಟು. ಆಗ ಒಂದನ್ನು ಮಾತ್ರ ಬದಲಿಸಿ. "ಅಂದುಕೊಂಡದ್ದಕ್ಕಿಂತ ಜಾಸ್ತಿ ಸಮಯ ತಿಂದ ಕೆಲಸ ಯಾವುದು?" ಎಂಬುದನ್ನು ಬಿಟ್ಟು "ಈ ವಾರ ಯಾವ ಕೆಲಸವನ್ನು ಎರಡೆರಡು ಸಲ ಮಾಡಬೇಕಾಯ್ತು?" ಎಂದು ಕೇಳಿ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಹಳೆಯ ಉತ್ತರಗಳ ಜೊತೆ ಹೋಲಿಸಲು ಏನೂ ಉಳಿಯುವುದಿಲ್ಲ.